ಸೆಟ್‌ಪಾಯಿಂಟ್ ಏರಿಸಿದ್ದಕ್ಕೆ ಉಳಿದ ಯೂನಿಟ್‌ಗಳೆಷ್ಟು?

ಹೊರಗಿನ ಹವೆ ಬದಲಾದಂತೆ ಒಳಗಿರುವವರ ದೇಹವೂ ಮನಸ್ಸೂ ಅದಕ್ಕೆ ಹೊಂದಿಕೊಳ್ಳುತ್ತವೆ, ಹಾಗಾಗಿ ಎಸಿಯನ್ನು ವರ್ಷವಿಡೀ ಒಂದೇ ತಾಪಮಾನಕ್ಕೆ ಕಟ್ಟಿಹಾಕಬೇಕಿಲ್ಲ ಎಂಬ ವಾದಕ್ಕೆ ಗಟ್ಟಿ ನೆಲೆ ಸಿಕ್ಕಿದ್ದು 1998ರಲ್ಲಿ. ರಿಚರ್ಡ್ ಡಿ ಡಿಯರ್ ಮತ್ತು ಗೇಲ್ ಬ್ರೇಗರ್ ಅವರು 160 ಕಟ್ಟಡಗಳಿಂದ ಬಂದ ಸುಮಾರು 21,000 ಉತ್ತರಗಳನ್ನು ಒಟ್ಟುಗೂಡಿಸಿ ಅದನ್ನು ತೋರಿಸಿಕೊಟ್ಟರು. 2004ರಲ್ಲಿ ಆಶ್ರೇ 55 ಮಾನದಂಡ ಅದನ್ನು ಒಪ್ಪಿಕೊಂಡಿತಾದರೂ ಕಿಟಕಿಯ ಗಾಳಿಯನ್ನೇ ನಂಬಿದ ಕಟ್ಟಡಗಳಿಗೆ ಮಾತ್ರ ಅನ್ವಯಿಸಿತು. ಕೆಲ ಹೊತ್ತು ಕಿಟಕಿ, ಕೆಲ ಹೊತ್ತು ಎಸಿ ಎಂದು ನಡೆಯುವ ಮಿಕ್ಸ್ಡ್ ಮೋಡ್ ಕಟ್ಟಡಗಳಿಗೆ ನಮ್ಮ ದೇಶದ್ದೇ ಸೂತ್ರ ಕೊಟ್ಟದ್ದು ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದವರು ಮುನ್ನಡೆಸಿದ ಐಮ್ಯಾಕ್ ಅಧ್ಯಯನ. ಬೆಂಗಳೂರೂ ಸೇರಿ ಐದು ನಗರಗಳ 16 ಕಚೇರಿ ಕಟ್ಟಡಗಳಲ್ಲಿ 6,330 ಉತ್ತರಗಳನ್ನು ಕಲೆಹಾಕಿ ಅದನ್ನು ರೂಪಿಸಲಾಯಿತು. ಮುಂದೆ ಅದು ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲೂ ಜಾಗ ಪಡೆಯಿತು.

ಇಷ್ಟು ವರ್ಷಗಳ ದಾರಿಯನ್ನು ಹಿಂತಿರುಗಿ ನೋಡಿದರೆ ಒಂದು ಅಸಮತೋಲನ ಎದ್ದು ಕಾಣುತ್ತದೆ. ಜನರಿಗೆ ಯಾವ ತಾಪ ಹಿತ ಎಂಬುದನ್ನು ನಾವು ಸಾವಿರಾರು ಮಂದಿಯನ್ನು ಕೇಳಿ ತಿಳಿದಿದ್ದೇವೆ. ಆ ಹಿತದಿಂದ ಎಷ್ಟು ವಿದ್ಯುತ್ ಉಳಿಯಿತು ಎಂಬುದನ್ನು ಮಾತ್ರ ಹೆಚ್ಚಾಗಿ ಕಂಪ್ಯೂಟರ್ ಮಾದರಿಗಳಿಂದಲೇ ಹೇಳುತ್ತ ಬಂದಿದ್ದೇವೆ. ವಿಶ್ವವಿದ್ಯಾಲಯದ ಕಟ್ಟಡವೊಂದರಲ್ಲಿ ಅಳೆದು ನೋಡಿದ ಫಲಿತಾಂಶವನ್ನು ಸಮ್ಮೇಳನಕ್ಕೆ ತರುವವರು ಪ್ರಬಂಧದ ಚೌಕಟ್ಟನ್ನು ಹೇಗೆ ಕಟ್ಟಬೇಕು ಎಂಬುದನ್ನು ಈಗಲಾದರೂ ಖಚಿತಪಡಿಸಿಕೊಳ್ಳಬೇಕು. ನನ್ನ ಮಟ್ಟಿಗೆ ಆ ಚೌಕಟ್ಟು ಸೂತ್ರದಿಂದಲ್ಲ, ಯಾವುದರ ಜೊತೆ ಹೋಲಿಸುತ್ತಿದ್ದೇವೆ ಎಂಬುದರಿಂದ ಶುರುವಾಗಬೇಕು.

ಸೂತ್ರವನ್ನೇ ಬೆಂಗಳೂರಿಗೆ ಹಾಕಿ ನೋಡೋಣ. ಮಿಕ್ಸ್ಡ್ ಮೋಡ್ ಕಟ್ಟಡಕ್ಕೆ ಐಮ್ಯಾಕ್ ಹೇಳುವುದು ಹೀಗೆ:

Tn = 0.28 × Tout + 17.87

ಇಲ್ಲಿ Tout ಎಂದರೆ ಹಿಂದಿನ 30 ದಿನಗಳ ಹೊರತಾಪದ ಚಲಿಸುವ ಸರಾಸರಿ. ಏಪ್ರಿಲ್‌ನಲ್ಲಿ ಅದು 28 ಡಿಗ್ರಿ ಎಂದುಕೊಂಡರೆ ಹಿತದ ತಾಪ 25.7ಕ್ಕೆ ಬರುತ್ತದೆ. ಡಿಸೆಂಬರ್‌ನಲ್ಲಿ ಸರಾಸರಿ 21.5 ಆದರೆ ಅದೇ ಸೂತ್ರ 23.9 ಎನ್ನುತ್ತದೆ. 2020ರ ಜನವರಿಯಿಂದ ಸ್ಟಾರ್ ಲೇಬಲ್ಲಿನ ರೂಮ್ ಎಸಿಗಳೆಲ್ಲ 24 ಡಿಗ್ರಿಗೇ ಹೊಂದಿಸಿ ಬರುತ್ತಿವೆ. ಆ 24ರ ಜೊತೆ ಹೋಲಿಸಿದರೆ ಏಪ್ರಿಲ್‌ನಲ್ಲಿ ಸಿಗುವ ಅಂತರ 1.7 ಡಿಗ್ರಿ ಮಾತ್ರ, ಡಿಸೆಂಬರ್‌ನಲ್ಲಿ ಅದೂ ಇಲ್ಲ. ಹೋಲಿಕೆಯ ಸೆಟ್‌ಪಾಯಿಂಟನ್ನು 22 ಎಂದು ಇಟ್ಟುಕೊಂಡರೆ ಏಪ್ರಿಲ್‌ನ ಅಂತರ ಒಮ್ಮೆಲೇ 3.7ಕ್ಕೆ ಜಿಗಿಯುತ್ತದೆ. ಕಟ್ಟಡ ಅದೇ, ಸೂತ್ರ ಅದೇ, ಉಳಿತಾಯ ಮಾತ್ರ ಎರಡು ಪಟ್ಟು. ಆದ್ದರಿಂದ ಪ್ರಯೋಗಕ್ಕೆ ಮುಂಚೆ ಆ ಕೋಣೆಗಳಲ್ಲಿ ರಿಮೋಟು ನಿಜವಾಗಿ ಎಷ್ಟಕ್ಕೆ ಇರುತ್ತಿತ್ತು ಎಂಬುದನ್ನು ಕೆಲವು ವಾರಗಳ ದಾಖಲೆಯೊಂದಿಗೆ ಮೊದಲ ಪುಟದಲ್ಲೇ ಹೇಳದ ಪ್ರಬಂಧದ ಶೇಕಡಾವಾರು ಲೆಕ್ಕಕ್ಕೆ ಬೆಲೆಯಿಲ್ಲ.

ಇನ್ನು ಆ 1.7 ಡಿಗ್ರಿ ಮೀಟರಿನಲ್ಲಿ ಕಾಣುತ್ತದೆಯೇ? ಒಂದು ಡಿಗ್ರಿ ಏರಿಸಿದರೆ ಎಸಿಯ ಖರ್ಚು ಸುಮಾರು ಶೇ 6 ಇಳಿಯುತ್ತದೆ ಎಂಬುದು ಬಿಇಇ ಹೇಳುವ ಸ್ಥೂಲ ಲೆಕ್ಕ. ಅದರಂತೆ ಉಳಿಯುವುದು ತಂಪುಗೊಳಿಸುವ ವಿದ್ಯುತ್ತಿನಲ್ಲಿ ಶೇ 10. ಒಟ್ಟು ಬಿಲ್ಲಿನಲ್ಲಿ ಎಸಿಯ ಪಾಲು ಶೇ 40 ಎಂದಿಟ್ಟುಕೊಂಡರೆ ಬಿಲ್ಲಿನ ಮೇಲೆ ಬೀಳುವ ಪರಿಣಾಮ ಶೇ 4. ಪರೀಕ್ಷೆ ಹತ್ತಿರ ಬಂದು ಗ್ರಂಥಾಲಯ ರಾತ್ರಿ ತೆರೆದಿಟ್ಟರೆ, ಪ್ರಯೋಗಾಲಯಕ್ಕೆ ಹೊಸದೊಂದು ಯಂತ್ರ ಬಂದರೆ, ಈ ಶೇ 4 ಹೇಳಹೆಸರಿಲ್ಲದೆ ಮುಚ್ಚಿಹೋಗುತ್ತದೆ. ಮಾಸಿಕ ಬಳಕೆಗೆ ಹೊಂದಿಸಿದ ಸಿಮ್ಯುಲೇಶನ್ ಮಾದರಿಗೂ ಆಶ್ರೇ ಗೈಡ್‌ಲೈನ್ 14 ಶೇ 15ರವರೆಗೆ ಚದುರುವಿಕೆಯನ್ನು ಒಪ್ಪುತ್ತದೆ. ಅಂಥ ಮಾದರಿಯ ಮೇಲೆ ನಿಂತು ಒಂದು ಕಟ್ಟಡದ ಕೆಲವೇ ತಿಂಗಳ ಬಿಲ್ಲಿನಿಂದ ಶೇ 4 ಉಳಿಯಿತೆಂದು ಹೇಳಲು ಬರುವುದಿಲ್ಲ. ಎಸಿ ಸರ್ಕೀಟಿಗೆ ಬೇರೆಯೇ ಸಬ್‌ಮೀಟರು, ಗಂಟೆಗಂಟೆಯ ಓದು, ಇವೆರಡು ಇಲ್ಲದೆ ಈ ಪ್ರಬಂಧವನ್ನು ಬರೆಯಲು ಕೂರಬಾರದು.

ಬರೀ ಎಸಿಯ ಮೀಟರು ನೋಡಿದರೂ ಸಾಲದು. ನಲವತ್ತು ಮಂದಿ ಕೂರುವ ತರಗತಿಯಲ್ಲಿ ಎರಡು ಎಸಿ ಸೇರಿ 4 ಕಿಲೋವಾಟ್ ಎಳೆಯುತ್ತಿವೆ ಎನ್ನೋಣ. ಶೇ 10 ಉಳಿದರೆ 400 ವಾಟ್. ಆದರೆ ಸೆಟ್‌ಪಾಯಿಂಟ್ ಏರಿದ ಮೇಲೆ ಮಕ್ಕಳು ಫ್ಯಾನು ಹಾಕಿಕೊಳ್ಳುತ್ತಾರೆ. 75 ವಾಟಿನ ಹಳೆಯ ಫ್ಯಾನು ಆರು ತಿರುಗಿದರೆ 450 ವಾಟ್ ಆಯಿತು, ಉಳಿದದ್ದಷ್ಟೂ ಅಲ್ಲೇ ಕರಗಿತು. 30 ವಾಟಿನ ಬಿಎಲ್‌ಡಿಸಿ ಫ್ಯಾನಾದರೆ 180 ವಾಟ್‌ಗೆ ಮುಗಿದು ಲಾಭ ನಿಲ್ಲುತ್ತದೆ. ಫ್ಯಾನುಗಳು ಸಾಮಾನ್ಯವಾಗಿ ದೀಪದ ಸರ್ಕೀಟಿನ ಮೇಲೆ ಇರುವುದರಿಂದ ಎಸಿ ಮೀಟರು ಉಳಿತಾಯವನ್ನೇ ತೋರಿಸುತ್ತಿರುತ್ತದೆ. ಆ ಇನ್ನೊಂದು ಸರ್ಕೀಟನ್ನೂ ಅಳೆದರಷ್ಟೇ ಸತ್ಯ ಹೊರಬೀಳುತ್ತದೆ.

ಹಿಂದೆ-ಮುಂದೆ ಹೋಲಿಕೆ ನಮ್ಮ ಊರಿನಲ್ಲಿ ವಿಶೇಷವಾಗಿ ಅಪಾಯಕಾರಿ. ಏಪ್ರಿಲ್‌ನಲ್ಲಿ ಹಳೆಯ ಸೆಟ್‌ಪಾಯಿಂಟ್, ಮೇ ತಿಂಗಳಲ್ಲಿ ಹೊಸದು ಎಂದು ಇಟ್ಟರೆ ಮುಂಗಾರಿಗೆ ಮುಂಚಿನ ಮಳೆಯೂ ಬೇಸಿಗೆ ರಜೆಯೂ ಸೇರಿ ಉಳಿಸಿದ್ದೆಲ್ಲ ಸೂತ್ರದ ಖಾತೆಗೆ ಜಮಾ ಆಗುತ್ತದೆ. ಇದಕ್ಕಿಂತ ಒಂದು ವಾರ ಸ್ಥಿರ, ಒಂದು ವಾರ ಹೊಂದಿಕೆ ಎಂದು ಚೀಟಿ ಎತ್ತಿ ಬದಲಾಯಿಸುತ್ತ ಹೋಗುವುದು ಮೇಲು. ಬದಲಾವಣೆಯನ್ನು ಶನಿವಾರ ರಾತ್ರಿ ಮಾಡಿದರೆ, ಗೋಡೆ-ತಾರಸಿಗಳಲ್ಲಿ ಕೂತ ಹಿಂದಿನ ವಾರದ ಬಿಸಿ ಅಥವಾ ತಂಪು ಇಳಿಯಲು ಭಾನುವಾರ ಸಿಗುತ್ತದೆ. ದಿನ ಬಿಟ್ಟು ದಿನ ಬದಲಾಯಿಸಿದರೆ ನಿನ್ನೆಯ ಕಾಂಕ್ರೀಟು ಇವತ್ತಿನ ಲೆಕ್ಕಕ್ಕೆ ಬೆರಕೆಯಾಗುತ್ತದೆ.

ಸೆಟ್‌ಪಾಯಿಂಟ್ ಎಂಬುದು ಎಸಿಗೆ ಕೊಟ್ಟ ಆಜ್ಞೆಯೇ ಹೊರತು ಕೋಣೆಯ ತಾಪವಲ್ಲ. ಪಶ್ಚಿಮದ ಬಿಸಿಲು ಬೀಳುವ ಮೇಲಂತಸ್ತಿನ ಕೋಣೆಯಲ್ಲಿ ಎಸಿಯ ಶಕ್ತಿ ಸಾಲದೆ ಮಧ್ಯಾಹ್ನ 3 ಗಂಟೆಗೆ ತಾಪ 27ರಲ್ಲೇ ನಿಂತಿದ್ದರೆ, ಆಜ್ಞೆ 24 ಆದರೂ 25.7 ಆದರೂ ಕಂಪ್ರೆಸರ್ ಓಡುವುದು ಒಂದೇ ಸಮನೆ. ಅಲ್ಲಿ ಬಿಡಿಗಾಸಿನ ಉಳಿತಾಯವೂ ಇರುವುದಿಲ್ಲ. ಇದನ್ನು ಹಿಡಿಯುವುದು ಸುಲಭ: ವಿದ್ಯಾರ್ಥಿ ಕೂರುವ ಎತ್ತರದಲ್ಲಿ, ಎಸಿಯ ಗಾಳಿ ನೇರವಾಗಿ ತಾಗದಂತೆ ಒಂದು ಲಾಗರ್ ಇಟ್ಟು, ಅದರ ಗೆರೆಯನ್ನು ಸೆಟ್‌ಪಾಯಿಂಟಿನ ಗೆರೆಯ ಮೇಲೆ ಹಾಕಿ ನೋಡಬೇಕು. ಎರಡೂ ಸೇರದ ಗಂಟೆಗಳನ್ನು ಪ್ರತ್ಯೇಕವಾಗಿ ವರದಿ ಮಾಡಬೇಕು. ಹಾಗೆಯೇ ಕಿಟಕಿಗೊಂದು ಮ್ಯಾಗ್ನೆಟಿಕ್ ಸೆನ್ಸರ್ ಬೇಕು. ಅದಿದ್ದರೆ ಕಿಟಕಿ ತೆರೆದೇ ಎಸಿ ಓಡಿದ ಗಂಟೆಗಳೂ ಸಿಗುತ್ತವೆ.

ಫಲಿತಾಂಶದ ಭಾಗದಲ್ಲಿ ಉಳಿತಾಯವನ್ನು ಎರಡಾಗಿ ಒಡೆದು ತೋರಿಸುವುದನ್ನು ನಾನು ಒತ್ತಿ ಕೇಳುತ್ತೇನೆ: ಎಸಿ ಹಾಕದೇ ಕಳೆದ ಗಂಟೆಗಳಿಂದ ಬಂದದ್ದೆಷ್ಟು, ಹಾಕಿದ ಗಂಟೆಗಳಲ್ಲಿ ತಾಪ ಏರಿಸಿದ್ದರಿಂದ ಬಂದದ್ದೆಷ್ಟು? ಬೆಂಗಳೂರಿನಂಥ ಊರಿನಲ್ಲಿ ಮೊದಲನೆಯದೇ ದೊಡ್ಡದಾಗಬೇಕು, ಏಕೆಂದರೆ ಇಲ್ಲಿ ವರ್ಷದ ಬಹುಪಾಲು ಕಿಟಕಿಯೇ ಸಾಕು. ಸರಾಸರಿ 34 ಮುಟ್ಟುವ ಅಹಮದಾಬಾದಿನ ಬೇಸಿಗೆಯಲ್ಲಿ ಸೂತ್ರ 27.4 ಕೊಡುತ್ತದೆ, ಅಲ್ಲಿ ಎರಡನೆಯದು ಹಿರಿದು. ಎರಡನ್ನೂ ಬೆರೆಸಿ ಒಂದೇ ಅಂಕಿ ಕೊಟ್ಟರೆ ಇನ್ನೊಂದು ಊರಿನವರು ಅದನ್ನು ಬಳಸಲು ಸಾಧ್ಯವಿಲ್ಲ. ಜೊತೆಗೆ ಆ ಗಂಟೆಗಳಲ್ಲಿ ವಿದ್ಯಾರ್ಥಿಗಳು −3ರಿಂದ +3ರವರೆಗಿನ ಮಾಪಕದಲ್ಲಿ ಕೊಟ್ಟ ಮತಗಳೂ ಅದೇ ಕೋಷ್ಟಕದಲ್ಲಿರಬೇಕು. ಬೆವರಿಳಿಸಿ ಉಳಿಸಿದ ಯೂನಿಟನ್ನು ಹೊಂದಿಕೆಯ ಫಲವೆಂದು ಎಣಿಸಬಾರದು.

ರಜೆಯ ವಾರಗಳ ದತ್ತಾಂಶವನ್ನು ಹೋಲಿಕೆಯಿಂದ ತೆಗೆಯಬೇಕು, ಆದರೆ ಎಸೆಯಬೇಕಿಲ್ಲ. ಜನರಿಲ್ಲದ ಕಟ್ಟಡ ಹಗಲು ಎಷ್ಟು ಕಾಯುತ್ತದೆ, ರಾತ್ರಿ ಎಷ್ಟು ಹೊತ್ತಿಗೆ ತಣಿಯುತ್ತದೆ ಎಂಬುದು ಆ ವಾರಗಳಲ್ಲಿ ಸ್ವಚ್ಛವಾಗಿ ಸಿಗುತ್ತದೆ. ವಾರದ ಅದಲುಬದಲಿಗೆ ಒಂದು ಭಾನುವಾರದ ಬಿಡುವು ಸಾಕೇ, ಸಾಲದೇ ಎಂಬುದನ್ನು ಅದರಿಂದಲೇ ತೀರ್ಮಾನಿಸಬಹುದು.