‘30 ದಿನದ ವಿಡಿಯೊ’ ಎಂದರೆ ಎಷ್ಟು ನಿಮಿಷ?

ಊರಿನ ಮನೆಗೆ ಕ್ಯಾಮೆರಾ ಹಾಕಿಸಿ, ಪುಣೆಯಲ್ಲೋ ದೆಹಲಿಯಲ್ಲೋ ಕೂತು ಮೊಬೈಲಿನಲ್ಲಿ ಅಂಗಳ ನೋಡುವವರು ನಮ್ಮಲ್ಲಿ ಈಗ ಬಹಳ ಮಂದಿ. ಕ್ಯಾಮೆರಾಗೆ ಒಮ್ಮೆ ದುಡ್ಡು ಕೊಟ್ಟರೆ ಮುಗಿಯಿತು ಎನ್ನುವಂತಿಲ್ಲ. ವಿಡಿಯೊ ಕ್ಲೌಡ್‌ನಲ್ಲಿ ಉಳಿಯಬೇಕಾದರೆ ತಿಂಗಳ ಚಂದಾ ಬೇರೆ. 2025ರ ಅಕ್ಟೋಬರ್‌ನಲ್ಲಿ ಗೂಗಲ್ ತನ್ನ ‘ನೆಸ್ಟ್ ಅವೇರ್’ ಚಂದಾವನ್ನು ‘ಗೂಗಲ್ ಹೋಮ್ ಪ್ರೀಮಿಯಂ’ ಎಂದು ಹೆಸರು ಬದಲಿಸಿತು. ಒಳಗಿನ ದಿನಗಳ ಲೆಕ್ಕ ಮಾತ್ರ ಬದಲಾಗಲಿಲ್ಲ: ಕೆಳ ಹಂತದಲ್ಲಿ 30 ದಿನದ ‘ಈವೆಂಟ್’ ವಿಡಿಯೊ, ಮೇಲಿನ ಹಂತದಲ್ಲಿ 60 ದಿನದ ಈವೆಂಟ್, ಜೊತೆಗೆ 10 ದಿನದ ನಿರಂತರ ವಿಡಿಯೊ.

ಈ ‘ಈವೆಂಟ್’ ಎಂಬ ಪದದಲ್ಲೇ ಎಲ್ಲವೂ ಇದೆ. ಸಾಧಾರಣ ಕ್ಯಾಮೆರಾ ಸೆಕೆಂಡಿಗೆ 1 ಮೆಗಾಬಿಟ್‌ನಂತೆ ವಿಡಿಯೊ ಕಳಿಸುತ್ತದೆ ಎಂದುಕೊಳ್ಳಿ. ನಿರಂತರವಾದರೆ ದಿನಕ್ಕೆ 10.8 ಜಿಬಿ, 30 ದಿನಕ್ಕೆ 324 ಜಿಬಿ. ಆದರೆ ದಿನಕ್ಕೆ 40 ಬಾರಿ ಏನೋ ಅಲುಗಾಡಿ, ಪ್ರತಿ ಬಾರಿ 20 ಸೆಕೆಂಡ್ ದಾಖಲಾದರೆ ಒಟ್ಟು 13 ನಿಮಿಷ ಚಿಲ್ಲರೆ. ಸುಮಾರು 100 ಎಂಬಿ ಅಷ್ಟೇ. ಕಂಪನಿಗೆ ಅಗ್ಗ, ಊರಿನ ಮನೆಯ ಡೇಟಾ ಪ್ಯಾಕಿಗೂ ಹಗುರ. ಉಳಿದ 23 ಗಂಟೆ 46 ನಿಮಿಷ ಎಲ್ಲೂ ಇರುವುದಿಲ್ಲ. ಹಾಗಾಗಿ ಎಷ್ಟು ದಿನ ಇಡುತ್ತಾರೆ ಎಂದು ಕೇಳುವ ಮೊದಲು ಏನನ್ನು ಇಡುತ್ತಾರೆ ಎಂದು ಕೇಳಬೇಕು. ಅದನ್ನು ತೀರ್ಮಾನಿಸುವುದು ಕ್ಯಾಮೆರಾದ ಪತ್ತೆ ವ್ಯವಸ್ಥೆ.

ಬರೀ ಚಲನೆ ನೋಡುವ ವ್ಯವಸ್ಥೆಗೆ ತೆಂಗಿನ ಗರಿಯ ನೆರಳೂ ಒಂದೇ, ಮನುಷ್ಯನೂ ಒಂದೇ. ಮಳೆಗಾಲದ ರಾತ್ರಿ ಕ್ಯಾಮೆರಾದ ಇನ್ಫ್ರಾರೆಡ್ ಬೆಳಕಿಗೆ ಹುಳು ಮುತ್ತುತ್ತವೆ, ಲೆನ್ಸಿನ ಮುಂದೆ ಜೇಡ ಬಲೆ ಕಟ್ಟುತ್ತದೆ. ಮೊಬೈಲ್ ಬಡಿದುಕೊಳ್ಳುವುದು ತಡೆಯಲಾಗದೆ ನಾವು ಸೂಕ್ಷ್ಮತೆಯನ್ನು ಕೆಳಗಿಳಿಸುತ್ತೇವೆ, ಇಲ್ಲವೇ ‘ಮನುಷ್ಯ ಮಾತ್ರ’ ಎಂದು ಆರಿಸುತ್ತೇವೆ. ಆಗ ಗೇಟಿನಷ್ಟು ದೂರದಲ್ಲಿ ಕತ್ತಲಲ್ಲಿ ಬಗ್ಗಿ ನಡೆಯುವವನು ತಪ್ಪಿಹೋಗಬಹುದು. ಕೆಲವು ಆ್ಯಪ್‌ಗಳಲ್ಲಿ ಅಲರ್ಟ್ ಬೇರೆ, ರೆಕಾರ್ಡಿಂಗ್ ಬೇರೆ. ಇನ್ನು ಕೆಲವದರಲ್ಲಿ ಎರಡಕ್ಕೂ ಒಂದೇ ಗುಂಡಿ. ಪರೀಕ್ಷಿಸುವುದು ಸುಲಭ. ಪಕ್ಕದ ಮನೆಯವರಿಗೆ ಹೇಳಿ ರಾತ್ರಿ ದೀಪ ಆರಿಸಿದ ಮೇಲೆ ಗೇಟಿನಿಂದ ಹಿತ್ತಲ ಬಾಗಿಲವರೆಗೆ ಒಮ್ಮೆ ನಡೆಸಿ. ಬೆಳಿಗ್ಗೆ ನೋಡಿ: ಕ್ಲಿಪ್ ಬಂದಿದೆಯೇ, ಅವರು ಎಲ್ಲಿಗೆ ತಲುಪಿದ ಮೇಲೆ ಶುರುವಾಗಿದೆ?

ಈಗ ದಿನಗಳ ಲೆಕ್ಕ. ಹಾವೇರಿ ಕಡೆಯ ಒಂದು ಬೀಗ ಹಾಕಿದ ಮನೆ ಎಂದುಕೊಳ್ಳೋಣ. 2025ರಲ್ಲಿ ಗಣೇಶ ಚೌತಿ ಮುಗಿಸಿ ಮನೆಯವರು ಮುಂಬೈಗೆ ಹೊರಟರು. ಸೆಪ್ಟೆಂಬರ್ 5ರ ರಾತ್ರಿ ಹಿತ್ತಲ ಬಾಗಿಲು ಮುರಿಯಿತು. ಗಾಳಿ ಮಳೆಯ ಹತ್ತಾರು ಅಲರ್ಟ್‌ಗಳ ನಡುವೆ ಅದನ್ನು ಯಾರೂ ತೆರೆದು ನೋಡಲಿಲ್ಲ. ದೀಪಾವಳಿಗೆಂದು ಅಕ್ಟೋಬರ್ 19ಕ್ಕೆ ಬಂದಾಗಲೇ ಗೊತ್ತಾದದ್ದು. ಅಷ್ಟರಲ್ಲಿ 44 ದಿನ. 30 ದಿನದ ಯೋಜನೆಯಲ್ಲಿ ಆ ಕ್ಲಿಪ್ ಅಕ್ಟೋಬರ್ 5ರ ಸುಮಾರಿಗೆ ತಾನಾಗಿ ಅಳಿಸಿಹೋಗಿರುತ್ತದೆ. 60 ದಿನದ್ದಾಗಿದ್ದರೆ ಇರುತ್ತಿತ್ತು. ಮೇಲಿನ ಹಂತದ 10 ದಿನದ ನಿರಂತರ ವಿಡಿಯೊ ಈ ಮನೆಗೆ ಉಪಯೋಗಕ್ಕೆ ಬರುತ್ತಿರಲಿಲ್ಲ. ವಯಸ್ಸಾದ ಅಪ್ಪ ಅಮ್ಮ ಇರುವ ಮನೆಯ ಕಥೆ ಬೇರೆ: ಅಲ್ಲಿ ಅವತ್ತೇ ಗೊತ್ತಾಗುತ್ತದೆ, 7 ದಿನವೂ ಸಾಕು.

128 ಜಿಬಿ ಮೆಮೊರಿ ಕಾರ್ಡಿಗೆ ಚಂದಾ ಬೇಡ. ಮೇಲಿನ ಲೆಕ್ಕದಲ್ಲಿ ಸುಮಾರು 11 ದಿನದ ನಿರಂತರ ವಿಡಿಯೊ ಹಿಡಿಯುತ್ತದೆ. ಕಳ್ಳ ಕ್ಯಾಮೆರಾವನ್ನೇ ಕಿತ್ತೊಯ್ದರೆ ಕಾರ್ಡೂ ಹೋಯಿತು. ಇಂಟರ್ನೆಟ್ ಕೈಕೊಟ್ಟಾಗ ಕ್ಲೌಡ್‌ಗೆ ಸಿಗದ್ದು ಕಾರ್ಡಿನಲ್ಲಿ ಸಿಗುತ್ತದೆ. ಎರಡೂ ಇರಲಿ ಎನ್ನುವುದು ನನ್ನ ಅಭಿಪ್ರಾಯ. ರೂಟರ್‌ಗೂ ಕ್ಯಾಮೆರಾಗೂ ಯುಪಿಎಸ್ ಇಲ್ಲದಿದ್ದರೆ ಕರೆಂಟ್ ಹೋದಾಗ ಎರಡೂ ಇಲ್ಲ. ಈವೆಂಟ್ ಯೋಜನೆಯ ಕೆಟ್ಟ ಗುಣವೆಂದರೆ, ಖಾಲಿ ದಿನ ನೋಡಿದರೆ ಯಾರೂ ಬರಲಿಲ್ಲವೋ, ಕರೆಂಟೇ ಇರಲಿಲ್ಲವೋ ತಿಳಿಯುವುದಿಲ್ಲ. ಪ್ರತಿದಿನ ಬರುವ ಹಾಲಿನವರು ಒಂದು ದಿನ ಕಾಣದಿದ್ದರೆ ಅನುಮಾನಿಸಿ.

ಎರಡು ಊರಿನವರಿಗೆ ಇನ್ನೊಂದು ಮಾತು. ಗೂಗಲ್‌ನ ಚಂದಾ ಒಂದು ಮನೆಯ ಎಲ್ಲ ಕ್ಯಾಮೆರಾಗಳಿಗೆ ಸಲ್ಲುತ್ತದೆ, ಆದರೆ ಒಂದೇ ಮನೆಗೆ. ಪುಣೆಯ ಫ್ಲಾಟಿಗೂ ಊರಿನ ಮನೆಗೂ ಬೇಕಾದರೆ ಎರಡು ಚಂದಾ. ಟಿಪಿ-ಲಿಂಕ್‌ನ ಟ್ಯಾಪೊ ಕೇರ್‌ನಂಥವುಗಳಲ್ಲಿ ಲೆಕ್ಕ ಕ್ಯಾಮೆರಾಗಳ ಸಂಖ್ಯೆಯ ಮೇಲೆ. ಊರಲ್ಲಿ ನಾಲ್ಕು ಕ್ಯಾಮೆರಾ ಇದ್ದರೂ ಗೇಟು, ಹಿತ್ತಲು ಎರಡಕ್ಕೆ ಮಾತ್ರ ಕಟ್ಟಿ, ಉಳಿದವನ್ನು ಕಾರ್ಡಿಗೆ ಬಿಡಬಹುದು.

ಏನಾದರೂ ನಡೆದರೆ ಆ್ಯಪ್‌ನಿಂದ ಮೂಲ ಕ್ಲಿಪ್ಪನ್ನೇ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ್ದು ಕುಗ್ಗಿದ ಪ್ರತಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂಥ ದಾಖಲೆಯ ಜೊತೆ ಪ್ರಮಾಣಪತ್ರ ಕೊಡಬೇಕು. ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯವೂ ಇರಬೇಕು. ಫೈಲು ಸ್ವಲ್ಪ ಬದಲಾದರೂ ಆ ಮೌಲ್ಯ ಬೇರೆಯಾಗುತ್ತದೆ. ದೂರು ಕೊಟ್ಟು ಪೊಲೀಸರು ಕೇಳುವವರೆಗೆ ಕಾಯುತ್ತಾ ಕೂತರೆ ಕ್ಲೌಡ್‌ನ ಗಡುವು ಅಷ್ಟರೊಳಗೆ ಮುಗಿದಿರಬಹುದು.