ಕೆನೆ ಕಾಯಿಸಿದರೆ ತುಪ್ಪ ಬರತ್ತೆ, ಅದೇ ತುಪ್ಪ ಬರಲ್ಲ

"ಹೆಪ್ಪು ಹಾಕೋದು, ಕಡೆಯೋದು ಎಲ್ಲಾ ಅಜ್ಜಿ ಕಾಲದ್ದು. ಕೆನೆನ ಸೀದಾ ಬಾಣಲೆಗೆ ಹಾಕಿ ಕಾಯಿಸಿ, ಅದೇ ತುಪ್ಪ ಬರತ್ತೆ." ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಈ ಉಪದೇಶ ಧಾರಾಳವಾಗಿ ಸಿಗುತ್ತದೆ. ತುಪ್ಪ ಬರತ್ತೆ, ನಿಜ. ಆದರೆ ಅಷ್ಟು ಬರಲ್ಲ, ಆ ಘಮವೂ ಬರಲ್ಲ.

ಮೊದಲು ಲೆಕ್ಕ ನೋಡಿ. ಶೇಕಡಾ 40 ಜಿಡ್ಡಿರುವ 1 ಕೆಜಿ ಕೆನೆ ತಗೊಳ್ಳಿ. ಅದರಲ್ಲಿ ಜಿಡ್ಡು 400 ಗ್ರಾಂ. ಪ್ರೋಟೀನು, ಹಾಲಿನ ಸಕ್ಕರೆ, ಲವಣ ಸೇರಿ ಸುಮಾರು 55 ಗ್ರಾಂ. ಉಳಿದದ್ದು ನೀರು. ಸೀದಾ ಕಾಯಿಸಿದರೆ ಅರ್ಧ ಲೀಟರಿಗೂ ಹೆಚ್ಚು ನೀರನ್ನು ಗ್ಯಾಸ್ ಉರಿಸಿ ಓಡಿಸಬೇಕು. ಆಮೇಲೆ ಆ 55 ಗ್ರಾಂ ತಳದಲ್ಲಿ ಗಸಿಯಾಗಿ ಕೂರುತ್ತದೆ. ಗಸಿ ತನ್ನ ತೂಕದಷ್ಟೇ ತುಪ್ಪ ಹೀರಿಕೊಂಡರೂ 55 ಗ್ರಾಂ ಹೋಯ್ತು. ಹಿಂಡಿದರೆ ಸ್ವಲ್ಪ ವಾಪಸ್ ಬರತ್ತೆ, ಪೂರ್ತಿ ಬರಲ್ಲ. ಕಾಯಿಸಿದ ಹಾಲಿನ ಮೇಲಿಂದ ತೆಗೆದ ಕೆನೆಯಲ್ಲಂತೂ ಪ್ರೋಟೀನು ಇನ್ನೂ ಜಾಸ್ತಿ.

ಅದೇ ಕೆನೆಗೆ ಹೆಪ್ಪು ಹಾಕಿ ಕಡೆದರೆ ಆ ಗಸಿಯ ಸರಕೆಲ್ಲ ಮಜ್ಜಿಗೆ ಜತೆ ಹೊರಟುಹೋಗುತ್ತದೆ. ಬೆಣ್ಣೆಯಲ್ಲಿ ಉಳಿಯುವುದು ಏಳೆಂಟು ಗ್ರಾಂ ಮಾತ್ರ. ಹುಳಿ ಬಂದ ಕೆನೆಯಲ್ಲಿ ಜಿಡ್ಡಿನ ಕಣಗಳು ಸುಲಭವಾಗಿ ಒಂದಕ್ಕೊಂದು ಅಂಟುವುದರಿಂದ, ತಣ್ಣಗಿದ್ದಾಗ ಸರಿಯಾಗಿ ಕಡೆದರೆ ಮಜ್ಜಿಗೆಯಲ್ಲಿ ಪೋಲಾಗುವ ಜಿಡ್ಡೂ ಕಡಿಮೆ. ಇದು ಕೆನೆಯ ಮಾತು. ಇಡೀ ಹಾಲನ್ನೇ ಮೊಸರು ಮಾಡಿ ಕಡೆಯುವವರಿಗೆ ಮಜ್ಜಿಗೆ ಬಹಳ ಬರುವುದರಿಂದ ನಷ್ಟವೂ ಜಾಸ್ತಿ.

ಇನ್ನು ಘಮ. ಹೆಪ್ಪಿನ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಕೆಲವು ಡೈಅಸಿಟೈಲ್ ಅನ್ನೂ ಮಾಡುತ್ತವೆ, ಹೊಸ ಬೆಣ್ಣೆಯ ಪರಿಮಳ ಅದೇ. ಕುದಿಯುವಾಗ ಅದು ಬಹುಪಾಲು ಹಾರಿಹೋಗುತ್ತದೆ. ಆದರೆ ಬೆಣ್ಣೆಯಲ್ಲಿ ಉಳಿದ ಹುಳಿ ಮಜ್ಜಿಗೆಯ ಅಂಶ ಬಿಸಿ ಜಿಡ್ಡಿನಲ್ಲಿ ಹುರಿದು ತುಪ್ಪಕ್ಕೆ ತನ್ನ ವಾಸನೆ ಬಿಡುತ್ತದೆ. ಹಸಿ ಕೆನೆಯಲ್ಲಿ ಈ ಹುಳಿಯೇ ಇಲ್ಲ, ಸಕ್ಕರೆ ಹಾಗೇ ಇದೆ. ಅದಕ್ಕೇ ಆ ತುಪ್ಪ ಖೋವಾ ಥರ, ಕಾಯಿಸಿದ ಹಾಲಿನ ಥರ ನಾರುತ್ತದೆ. ಅದನ್ನೇ ಇಷ್ಟಪಡುವವರು ಇರಬಹುದು, ಇರಲಿ. ಅದೇ ತುಪ್ಪ ಅಂತ ಮಾತ್ರ ಹೇಳಬೇಡಿ.

"ಹೆಪ್ಪು ಹಾಕಿದ್ರೂ ಕಹಿಯಾಯ್ತು" ಅನ್ನುವವರು ಫ್ರಿಜ್ಜಿನ ಕಡೆ ನೋಡಿ. ಆ ತಣುವಿನಲ್ಲಿ ಹೆಪ್ಪು ಏಳುವುದಿಲ್ಲ, ಚಳಿಗೆ ಒಗ್ಗಿದ ಬೇರೆ ಬ್ಯಾಕ್ಟೀರಿಯಾಗಳು ಏಳುತ್ತವೆ. ವಾರದ ಕೆನೆ ಕೂಡಿಟ್ಟು, ಹೊರಗೆ ತೆಗೆದು, ಉಗುರುಬೆಚ್ಚಗಾದ ಮೇಲೆ ಒಂದು ಚಮಚ ಮೊಸರು ಕದಡಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಗಟ್ಟಿ ಮೊಸರಾಗಿ ಹದವಾದ ಹುಳಿ ಬಂದಿದ್ದರೆ ಸರಿ. ಸ್ವಲ್ಪ ಹೊತ್ತು ಫ್ರಿಜ್ಜಲ್ಲಿಟ್ಟು ತಣ್ಣಗಾದ ಮೇಲೆ ಮಿಕ್ಸಿಯಲ್ಲೇ ತಿರುಗಿಸಿ, ಕಡಗೋಲೇ ಬೇಕೆಂಬ ಹಟ ನನಗಿಲ್ಲ. ನಿಮ್ಮ ಕೆಲಸ ಹದಿನೈದು ನಿಮಿಷ. ಉಳಿದದ್ದನ್ನು ಹೆಪ್ಪು ನೀವು ಮಲಗಿದಾಗ ಮಾಡಿ ಮುಗಿಸಿರುತ್ತದೆ.