ಸೇತುವೆ ಒಂದೇ, ದಾಟುವವರು ಇಬ್ಬರು: ಮೊಸ್ತಾರ್ ಎತ್ತಿದ ಪ್ರಶ್ನೆ

ಯುದ್ಧದ ಸುದ್ದಿ ಬಂದಾಗಲೆಲ್ಲ ಒಂದೇ ಜಗಳ ಕೇಳುತ್ತೇವೆ. ಸೇತುವೆಯೋ ವಿದ್ಯುತ್ ಸ್ಥಾವರವೋ ಉರುಳಿತು ಅಂದರೆ ಒಂದು ಕಡೆಯವರು, ‘‘ಇದು ಜನರು ಬಳಸುವ ಸೊತ್ತು’’ ಎನ್ನುತ್ತಾರೆ. ಹೊಡೆದವರು, ‘‘ಅಲ್ಲಿ ಸೈನಿಕರಿದ್ದರು’’ ಎನ್ನುತ್ತಾರೆ. ಹೆಚ್ಚಿನ ಸಲ ಎರಡೂ ನಿಜವೇ ಆಗಿರುತ್ತದೆ. ಹಾಗಾದರೆ ಅಪರಾಧ ಆಯಿತೋ ಇಲ್ಲವೋ ಎಂದು ತೀರ್ಮಾನಿಸುವುದು ಹೇಗೆ? ಇದಕ್ಕೆ ಉತ್ತರ ಹುಡುಕಲು ಬೋಸ್ನಿಯಾದ ಮೊಸ್ತಾರ್ ನಗರದ ಹಳೆಯ ಸೇತುವೆಯಷ್ಟು ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ.

ನೆರೆತ್ವಾ ನದಿಯ ಮೇಲಿನ ಈ ಕಲ್ಲಿನ ಕಮಾನು ಸೇತುವೆಯನ್ನು ಕಟ್ಟಿದ್ದು ಉಸ್ಮಾನಿಯಾ ಆಡಳಿತದ ಕಾಲದಲ್ಲಿ. 1566ರಲ್ಲಿ ಕೆಲಸ ಮುಗಿಯಿತು. ಜನರು ನಡೆದು ದಾಟುವ ಇಕ್ಕಟ್ಟಾದ ಸೇತುವೆ ಅದು. 1993ರಲ್ಲಿ ಬೋಸ್ನಿಯಾ ಸರಕಾರದ ಸೇನೆಗೂ ‘ಎಚ್‌ವಿಒ’ ಎಂಬ ಬೋಸ್ನಿಯನ್ ಕ್ರೊಯೇಟರ ಪಡೆಗೂ ಯುದ್ಧ ಶುರುವಾದಾಗ ಮೊಸ್ತಾರ್ ಎರಡು ತುಂಡಾಯಿತು. ಮುಸ್ಲಿಮರು ಹೆಚ್ಚಾಗಿ ಪೂರ್ವ ದಡದಲ್ಲಿ ಮುತ್ತಿಗೆಗೆ ಸಿಕ್ಕಿಬಿದ್ದರು. ಪಶ್ಚಿಮ ದಡದಲ್ಲೂ ‘ದೊನ್ಯಾ ಮಹಾಲಾ’ ಎಂಬ ಒಂದು ಮುಸ್ಲಿಂ ಮೊಹಲ್ಲಾ ಉಳಿದಿತ್ತು. ಆ ಮೊಹಲ್ಲಾಕ್ಕೆ ಅನ್ನ, ಔಷಧ ಹೋಗುತ್ತಿದ್ದುದು ಈ ಸೇತುವೆಯ ಮೇಲೆ. ಆಚೆ ದಡದ ಯುದ್ಧಮುಖಕ್ಕೆ ಸರಕಾರಿ ಸೇನೆಯ ಸೈನಿಕರು, ಮದ್ದುಗುಂಡು ಹೋಗುತ್ತಿದ್ದುದೂ ಇದರ ಮೇಲೆಯೇ.

ನವೆಂಬರ್ 8ರಂದು ಎಚ್‌ವಿಒ ಟ್ಯಾಂಕ್ ಸೇತುವೆಯ ಮೇಲೆ ಗುಂಡು ಹಾರಿಸತೊಡಗಿತು. ಮರುದಿನ ಸೇತುವೆ ನದಿಗೆ ಕುಸಿಯಿತು.

ಈಗ ಕಾನೂನು ನೋಡೋಣ. 1977ರಲ್ಲಿ ಜಿನೀವಾ ಒಪ್ಪಂದಗಳಿಗೆ ಸೇರಿಸಿದ ಮೊದಲನೇ ಹೆಚ್ಚುವರಿ ಪ್ರೊಟೊಕಾಲ್‌ನಲ್ಲಿ ಈ ನಿಯಮಗಳಿವೆ. ಭಾರತ, ಅಮೆರಿಕ, ಇಸ್ರೇಲ್ ಇದಕ್ಕೆ ಸೇರಿಲ್ಲ. ಹಾಗಂತ ಅವು ಮುಕ್ತವಾಗಿವೆ ಎಂದಲ್ಲ. ಇದರ ಮೂಲ ನಿಯಮಗಳು ಎಲ್ಲ ದೇಶಗಳನ್ನೂ ಕಟ್ಟಿಹಾಕುವ ರೂಢಿಯ ಕಾನೂನು ಎಂದು ರೆಡ್ ಕ್ರಾಸ್‌ನ ಅಂತರ್‌ರಾಷ್ಟ್ರೀಯ ಸಮಿತಿ ಹೇಳುತ್ತದೆ.

ಮೊದಲನೆಯ ನಿಯಮ, ಬೇರ್ಪಡಿಸಿ ನೋಡುವುದು. ಸೈನಿಕರು ಯಾರು, ಜನಸಾಮಾನ್ಯರು ಯಾರು, ಸೈನಿಕ ಗುರಿ ಯಾವುದು, ಜನರ ಸೊತ್ತು ಯಾವುದು ಎಂದು ಗುರುತಿಸಿಯೇ ಹೊಡೆಯಬೇಕು. ಸುದ್ದಿಯಲ್ಲಿ ಬರುವ ‘ಎರಡೂ ಬಳಕೆಯ ಸೌಕರ್ಯ’ ಎಂಬ ಮೂರನೇ ವರ್ಗ ಈ ಕಾನೂನಿನಲ್ಲಿ ಇಲ್ಲ. ಒಂದು ವಸ್ತು ಸೈನಿಕ ಗುರಿ, ಇಲ್ಲವೇ ಅಲ್ಲ. ಗುರಿ ಅನ್ನಿಸಿಕೊಳ್ಳಲು ಎರಡು ಷರತ್ತು ಒಟ್ಟಿಗೆ ಪೂರೈಸಬೇಕು. ಅದು ಯುದ್ಧ ಕಾರ್ಯಕ್ಕೆ ನಿಜವಾದ ನೆರವು ಕೊಡುತ್ತಿರಬೇಕು. ಅದನ್ನು ಒಡೆದರೆ ಆ ಹೊತ್ತಿನಲ್ಲಿ ಖಚಿತವಾದ ಸೈನಿಕ ಲಾಭ ಸಿಗಬೇಕು. ‘ಆ ಹೊತ್ತಿನಲ್ಲಿ’ ಎಂಬುದೇ ಮುಖ್ಯ. ಹೋದ ತಿಂಗಳು ಸೈನಿಕರು ದಾಟಿದ್ದರು, ಮುಂದೆ ಯಾವತ್ತೋ ದಾಟಬಹುದು ಎಂಬ ಊಹೆ ಸಾಲದು.

ಮೊಸ್ತಾರ್ ಸೇತುವೆ ಈ ಪರೀಕ್ಷೆಯಲ್ಲಿ ಸೈನಿಕ ಗುರಿಯೇ ಆಯಿತು. ಹೇಗ್‌ನಲ್ಲಿದ್ದ ಯುಗೊಸ್ಲಾವಿಯಾ ಯುದ್ಧಾಪರಾಧ ನ್ಯಾಯಮಂಡಳಿ ಇದನ್ನು ಒಪ್ಪಿತು. ಸಂತ್ರಸ್ತರಿಗೆ ಕೇಳಲು ಕಷ್ಟವಾದರೂ ಸತ್ಯ ಸತ್ಯವೇ.

ಆದರೆ ಗುರಿ ಎಂದಾದ ಕೂಡಲೇ ಮಾತು ಮುಗಿಯುವುದಿಲ್ಲ. ಎರಡನೆಯ ನಿಯಮ, ತೂಗಿ ನೋಡುವುದು. ಇದನ್ನೇ ಪ್ರಮಾಣಬದ್ಧತೆ ಎನ್ನುತ್ತಾರೆ. ಜನರ ಸಾವು, ಗಾಯ, ಸೊತ್ತು ನಾಶ ಎಷ್ಟಾಗಬಹುದು ಎಂಬುದನ್ನು ಒಂದು ತಟ್ಟೆಯಲ್ಲಿಡಬೇಕು. ಸಿಗಬಹುದಾದ ನೇರ ಸೈನಿಕ ಲಾಭವನ್ನು ಇನ್ನೊಂದರಲ್ಲಿಡಬೇಕು. ಮೊದಲನೆಯದು ಮಿತಿಮೀರುವಂತಿದ್ದರೆ ಹೊಡೆಯುವ ಹಾಗಿಲ್ಲ. ತೂಗುವುದು ಆದ ಮೇಲಲ್ಲ, ಆದೇಶ ಕೊಡುವಾಗ ಸೇನಾಧಿಕಾರಿಗೆ ಏನು ಗೊತ್ತಿತ್ತು, ಏನನ್ನು ಊಹಿಸಬಹುದಿತ್ತು ಎಂಬುದರ ಮೇಲೆ.

ಜಗಳ ಇರುವುದು ಇಲ್ಲಿ. ಹೊತ್ತಿಗೆ ಸೇತುವೆಯ ಮೇಲೆ ಒಬ್ಬ ನಾಗರಿಕನೂ ಇರಲಿಲ್ಲ ಎಂದಿಟ್ಟುಕೊಳ್ಳಿ. ಇಡೀ ಸೇತುವೆಯೇ ಸೈನಿಕ ಗುರಿ ಆಗಿದ್ದರೆ, ಅದು ಬಿದ್ದದ್ದನ್ನು ‘ಜನರ ಸೊತ್ತಿನ ನಷ್ಟ’ ಎಂದು ಲೆಕ್ಕ ಹಾಕಬಹುದೇ? ಹಾಕುವ ಹಾಗಿಲ್ಲ ಎನ್ನುವ ಸೇನಾ ವಕೀಲರಿದ್ದಾರೆ. ಸೇತುವೆ ಇಲ್ಲದೆ ಆಚೆ ದಡದವರು ಹಸಿವೆಯಿಂದ, ಔಷಧ ಇಲ್ಲದೆ ನರಳುವುದು ಮೊದಲೇ ಗೊತ್ತಿದ್ದರೆ ಅದನ್ನು ತಟ್ಟೆಯಲ್ಲಿ ಇಡಲೇಬೇಕು ಎನ್ನುವುದು ಇನ್ನೊಂದು ವಾದ.

2013ರ ಮೇ ತಿಂಗಳಲ್ಲಿ ವಿಚಾರಣಾ ಪೀಠ ಎರಡನೇ ವಾದದ ಹಾದಿಯಲ್ಲೇ ನಡೆಯಿತು. ಯಾದ್ರಾಂಕೊ ಪ್ರ್ಲಿಚ್ ಮತ್ತು ಇತರ ಐವರ ಮೊಕದ್ದಮೆ ಅದು. ಸೇತುವೆ ಬಿದ್ದದ್ದರಿಂದ ದೊನ್ಯಾ ಮಹಾಲಾದ ಜನರು ಬಹುತೇಕ ಸಂಪೂರ್ಣ ಒಂಟಿಯಾದರು, ಮೊಸ್ತಾರ್‌ನ ಮುಸ್ಲಿಮರ ಮನಸ್ಸಿಗೆ ದೊಡ್ಡ ಪೆಟ್ಟು ಬಿತ್ತು, ಸಿಕ್ಕಿದ ಸೈನಿಕ ಲಾಭಕ್ಕೆ ಹೋಲಿಸಿದರೆ ಈ ಹಾನಿ ಮಿತಿಮೀರಿದ್ದು ಎಂದು ಪೀಠ ಹೇಳಿತು.

2017ರ ನವೆಂಬರ್ 29ರಂದು ಮೇಲ್ಮನವಿ ಪೀಠ ಇದನ್ನು ತಳ್ಳಿಹಾಕಿತು. ಅದರ ತರ್ಕ ಸರಳ. ಆರೋಪ ಹೊರಿಸಿದ್ದು ‘ಸೈನಿಕ ಅಗತ್ಯವಿಲ್ಲದೆ ಮನಬಂದಂತೆ ನಾಶ ಮಾಡಿದ’ ಅಪರಾಧಕ್ಕೆ. ಒಡೆದರೆ ಖಚಿತ ಸೈನಿಕ ಲಾಭವಿತ್ತು ಎಂದು ಕೆಳಗಿನ ಪೀಠವೇ ಒಪ್ಪಿದ ಮೇಲೆ ಸೈನಿಕ ಅಗತ್ಯ ಇರಲಿಲ್ಲ ಎನ್ನುವುದು ಹೇಗೆ? ನ್ಯಾಯಾಧೀಶ ಫೌಸ್ತೊ ಪೊಕಾರ್ ಇದಕ್ಕೆ ಭಿನ್ನಮತ ಬರೆದರು. ಉಳಿದ ಅನೇಕ ಅಪರಾಧಗಳು ಸಾಬೀತಾಗಿದ್ದರಿಂದ ಆರೋಪಿಗಳ ಶಿಕ್ಷೆಯ ಅವಧಿ ಬದಲಾಗಲಿಲ್ಲ. ಅದೇ ದಿನ ಆರೋಪಿ ಸ್ಲೊಬೊದಾನ್ ಪ್ರಾಲ್ಯಕ್ ನ್ಯಾಯಾಲಯದಲ್ಲೇ ವಿಷ ಕುಡಿದು ಸತ್ತ. ಜಗತ್ತಿನ ಸುದ್ದಿಯೆಲ್ಲ ಅದೇ ಆಯಿತು, ಸೇತುವೆಯ ಮಾತು ಮೂಲೆಗೆ ಬಿತ್ತು.

ಈ ತೀರ್ಪಿನ ತೊಂದರೆ ಏನೆಂದರೆ, ತಕ್ಕಡಿ ಬಳಸುವ ಮುಂಚೆಯೇ ಮಾತು ಮುಗಿದುಹೋಯಿತು. ‘ಸೈನಿಕ ಗುರಿ’ ಎಂಬ ಚೀಟಿ ಅಂಟಿಸಿದರೆ ಸಾಕು, ಆಚೆ ದಡದ ಹಸಿವೆ ಲೆಕ್ಕಕ್ಕೇ ಬಾರದು ಎಂದು ಸೇನೆಗಳು ಇದನ್ನು ಓದಿಕೊಳ್ಳಬಹುದು. ಆದರೆ ಪೀಠ ಹೇಳಿದ್ದು ಒಂದು ನಿರ್ದಿಷ್ಟ ಆರೋಪದ ಬಗ್ಗೆ ಮಾತ್ರ. ಪ್ರಮಾಣಬದ್ಧತೆಯ ನಿಯಮವನ್ನು ಅದು ಅಳಿಸಿಹಾಕಿಲ್ಲ.

ಅಳಿಸಿಲ್ಲ ಎಂಬುದಕ್ಕೆ ಉಕ್ರೇನ್ ಸಾಕ್ಷಿ. 2022ರ ಅಕ್ಟೋಬರ್‌ನಿಂದ ಆ ಚಳಿಗಾಲವಿಡೀ ರಷ್ಯಾ ಅಲ್ಲಿನ ವಿದ್ಯುತ್ ಸ್ಥಾವರ, ಸಬ್‌ಸ್ಟೇಷನ್‌ಗಳಿಗೆ ಕ್ಷಿಪಣಿ ಹೊಡೆಯಿತು. ವಿದ್ಯುತ್ ಸೇನೆಗೂ ಬೇಕು, ಹೌದು. ಆದರೆ ಕರೆಂಟ್ ಹೋದರೆ ನೀರಿನ ಪಂಪ್ ನಿಲ್ಲುತ್ತದೆ, ಆಸ್ಪತ್ರೆ ಜನರೇಟರ್ ನಂಬಿ ಕೂರಬೇಕಾಗುತ್ತದೆ, ಕೊರೆಯುವ ಚಳಿಯಲ್ಲಿ ಮನೆ ಬಿಸಿಯಾಗುವುದಿಲ್ಲ. 2024ರ ಮಾರ್ಚ್ 5ರಂದು ಅಂತರ್‌ರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ ಸೆರ್ಗೆಯ್ ಕೊಬಿಲಾಶ್, ವಿಕ್ತೊರ್ ಸೊಕೊಲೋವ್ ಎಂಬ ಇಬ್ಬರು ರಷ್ಯನ್ ಸೇನಾಧಿಕಾರಿಗಳ ಬಂಧನಕ್ಕೆ ವಾರಂಟ್ ಹೊರಡಿಸಿತು. ಕೆಲವು ಸ್ಥಾವರಗಳು ಸೈನಿಕ ಗುರಿ ಆಗಿದ್ದಿರಬಹುದು ಎಂದಿಟ್ಟುಕೊಂಡರೂ, ಜನರಿಗೆ ಆಗಬಹುದಾಗಿದ್ದ ಹಾನಿ ಲಾಭಕ್ಕಿಂತ ಸ್ಪಷ್ಟವಾಗಿ ಮಿತಿಮೀರಿದ್ದು ಎಂದು ನಂಬಲು ಆಧಾರವಿದೆ ಎಂದಿತು. ಇದು ವಾರಂಟ್ ಅಷ್ಟೇ, ತೀರ್ಪಲ್ಲ. ಆದರೂ ತಕ್ಕಡಿ ಮತ್ತೆ ಮೇಜಿನ ಮೇಲೆ ಬಂತು.

ಗಲ್ಫ್‌ನಲ್ಲಿ ನಮ್ಮ ಅನೇಕ ಮನೆಗಳ ಮಕ್ಕಳು ಕುಡಿಯುವುದು ವಿದ್ಯುತ್ತಿನ ಬಲದಿಂದ ಸಿಹಿಯಾದ ಸಮುದ್ರದ ನೀರು. ಹೀಗಾಗಿ ಇದು ದೂರದ ಊರಿನ ಚರ್ಚೆಯಲ್ಲ. ಮುಂದಿನ ಸಲ ‘ಅಲ್ಲಿ ಸೈನಿಕರಿದ್ದರು’ ಎಂಬ ಹೇಳಿಕೆ ಕೇಳಿದಾಗ ಅಲ್ಲಿಗೇ ನಿಲ್ಲಬೇಡಿ. ಆ ಹೊತ್ತಿನಲ್ಲಿ ಇದ್ದರೇ? ಒಡೆದದ್ದರಿಂದ ಯಾವ ಲಾಭ ಸಿಕ್ಕಿತು? ಅದೇ ಲಾಭಕ್ಕೆ ಜನರಿಗೆ ಕಡಿಮೆ ಪೆಟ್ಟು ಬೀಳುವ ಬೇರೆ ಗುರಿ ಇರಲಿಲ್ಲವೇ? ಆಚೆ ದಡದವರಿಗೆ ಏನಾಗುತ್ತದೆಂದು ಹೊಡೆದವರಿಗೆ ಗೊತ್ತಿತ್ತೇ? ಈ ನಾಲ್ಕಕ್ಕೆ ಉತ್ತರ ಕೊಡದ ಸೇನೆ ಕಾನೂನು ಪಾಲಿಸಿದ್ದೇನೆ ಎಂದು ಹೇಳುವ ಹಾಗಿಲ್ಲ.

ಮೊಸ್ತಾರ್‌ನ ಸೇತುವೆಯನ್ನು 2004ರಲ್ಲಿ ಮತ್ತೆ ಕಟ್ಟಿದರು. ಜನ ಈಗ ದಾಟುತ್ತಿದ್ದಾರೆ. ಅದನ್ನು ಬೀಳಿಸಿದ್ದಕ್ಕೆ ಮಾತ್ರ ಇವತ್ತಿಗೂ ಯಾರೂ ಅಪರಾಧಿಯಾಗಿ ಉಳಿದಿಲ್ಲ.